20 ತಿಂಗಳ ಚೀಟಿ, ಆರ್‌ಡಿ, ಎಸ್‌ಐಪಿ: ಮಗಳ ಇಂಜಿನಿಯರಿಂಗ್ ಶುಲ್ಕಕ್ಕೆ ಯಾವುದು?

ಸೇಡಂ ರಸ್ತೆ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ. ನಾನು ಖಾಸಗಿ ಶಾಲೆಯಲ್ಲಿ ಕೆಲಸ ಮಾಡುತ್ತೇನೆ, ಯಜಮಾನರು ಸರ್ಕಾರಿ ಪ್ರೌಢಶಾಲೆಯಲ್ಲಿದ್ದಾರೆ. ಇಬ್ಬರ ಸಂಬಳ ಸೇರಿ ಕೈಗೆ 74,000 ರೂಪಾಯಿ ಬರುತ್ತದೆ. ಮನೆ ಸಾಲ, ಅತ್ತೆಯವರ ಔಷಧಿ, ಮನೆ ಖರ್ಚು ಎಲ್ಲ ಕಳೆದು ತಿಂಗಳಿಗೆ 10,000 ಉಳಿಸಬಹುದು, ಬಿಗಿ ಹಿಡಿದರೆ 15,000. ಮಗಳು ಈಗ ಪ್ರಥಮ ಪಿಯುಸಿ ವಿಜ್ಞಾನ. ಇನ್ನು ಇಪ್ಪತ್ತು, ಇಪ್ಪತ್ತೆರಡು ತಿಂಗಳಲ್ಲಿ ಇಂಜಿನಿಯರಿಂಗ್ ಶುಲ್ಕಕ್ಕೆ ಎರಡು ಲಕ್ಷ ಬೇಕು.

ನಮ್ಮ ಓಣಿಯಲ್ಲಿ ಒಬ್ಬರು ಹನ್ನೆರಡು ವರ್ಷದಿಂದ ಚೀಟಿ ನಡೆಸುತ್ತಿದ್ದಾರೆ. 20 ಜನ, 20 ತಿಂಗಳು, ತಿಂಗಳಿಗೆ 10,000, ಒಟ್ಟು ಎರಡು ಲಕ್ಷದ ಚೀಟಿ. ಕಮಿಷನ್ ಪ್ರತಿ ತಿಂಗಳು 10,000. ಅವರ ಹಿಂದಿನ ಚೀಟಿಯ ಪುಸ್ತಕ ತಂದು ನೋಡಿದೆ. ಮೊದಲ ತಿಂಗಳು ಅವರೇ ಪೂರ್ತಿ ಎತ್ತಿದ್ದಾರೆ. ಎರಡನೇ ತಿಂಗಳ ಹರಾಜಿನಲ್ಲಿ ಒಬ್ಬರು ಎಲ್ಲರಿಗಿಂತ ಹೆಚ್ಚು, ಅಂದರೆ 60,000 ಬಿಟ್ಟುಕೊಟ್ಟು ಉಳಿದ 1,40,000 ಎತ್ತಿದ್ದಾರೆ. ಆಮೇಲೆ ತಿಂಗಳು ತಿಂಗಳು ಒಂದೇ ಸಮನಾಗಿ ಇಳಿದು ಹತ್ತನೇ ತಿಂಗಳು 37,800ಕ್ಕೆ ಬಂದಿದೆ. ಕೊನೆಯವರು ಕಮಿಷನ್ 10,000 ಮಾತ್ರ ಬಿಟ್ಟು 1,90,000 ತೆಗೆದುಕೊಂಡಿದ್ದಾರೆ.

ಅತ್ತೆ ಚೀಟಿ ಹಾಕು ಎನ್ನುತ್ತಾರೆ. ಯಜಮಾನರು ಆರ್‌ಡಿ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮೈದುನ ಇಬ್ಬರನ್ನೂ ನೋಡಿ ನಕ್ಕು, ಎಸ್‌ಐಪಿ ಹಾಕಿ ಅತ್ತಿಗೆ, ಎನ್ನುತ್ತಾನೆ. ಯಾರ ಮಾತು ಕೇಳಲಿ?

ಯಾದಗಿರಿ ಎಕ್ಸ್‌ಪ್ರೆಸ್

ಅತ್ತೆಯ ಮಾತು ಕೇಳಿ. ಮನೆಯಲ್ಲಿ ನೆಮ್ಮದಿ ಇರುತ್ತದೆ.

ಬೀದರ್ ಕೋಟೆ

ಮೈದುನ ಹೇಳಿದ್ದೇ ಸರಿ ಅಕ್ಕಾ. ನಾನು ನಿಫ್ಟಿ 50 ಸೂಚ್ಯಂಕ ನಿಧಿಯಲ್ಲಿ ಆರು ವರ್ಷದಿಂದ ಎಸ್‌ಐಪಿ ಹಾಕುತ್ತಿದ್ದೇನೆ. ವರ್ಷಕ್ಕೆ ಶೇಕಡಾ 12 ಅಂತೂ ಖಚಿತ. ಚೀಟಿ, ಆರ್‌ಡಿ ಎಲ್ಲ ನಮ್ಮ ತಂದೆಯ ಕಾಲದ ಮಾತು.

ಗಂಜ್ ವ್ಯಾಪಾರಿ

ಖಚಿತ ಎನ್ನುವ ಪದವನ್ನು ಷೇರು ಮಾರುಕಟ್ಟೆಯ ಪಕ್ಕದಲ್ಲಿ ಬರೆದ ಮೊದಲ ಮನುಷ್ಯನನ್ನು ಇವತ್ತು ನೋಡಿದೆ.

ಅಕ್ಕಾರೆ, ಚೀಟಿಯನ್ನು ಯಾರೂ ಹಗುರವಾಗಿ ಮಾತನಾಡಬಾರದು. ನೆಹರು ಗಂಜಿನಲ್ಲಿ ಅರ್ಧ ವ್ಯಾಪಾರ ಚೀಟಿಯ ಮೇಲೆ ನಿಂತಿದೆ. ತೊಗರಿ ಮಾರುಕಟ್ಟೆಗೆ ಬರುವ ಹೊತ್ತಿಗೆ ನನಗೆ ಒಮ್ಮೆಲೇ ಹಣ ಬೇಕು. ಬ್ಯಾಂಕಿನವರು ಕಾಗದ ಕೇಳಿ ಕೇಳಿ ಕೊಡುವಷ್ಟರಲ್ಲಿ ತೊಗರಿ ಗಿರಣಿ ಸೇರಿ ಬೇಳೆಯಾಗಿರುತ್ತದೆ. ಚೀಟಿ ಎತ್ತಿದರೆ ಮೂರು ದಿನದಲ್ಲಿ ಹಣ ಕೈಯಲ್ಲಿ. ಬಡ್ಡಿ ಲೆಕ್ಕ ಹಾಕಿದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯೂ ಆಗುವುದಿಲ್ಲ. ಹಾಕಿ, ಬೇಕಾದಾಗ ಎತ್ತಿ.

ಆಳಂದ ನಾಕಾ

ಚಿಟ್ ಫಂಡ್ ಎಂದರೆ ಮೋಸ ಎಂದು ಇಡೀ ದೇಶಕ್ಕೆ ಗೊತ್ತಿದೆ. 2013ರಲ್ಲಿ ಬಂಗಾಳದಲ್ಲಿ ಶಾರದಾ ಚಿಟ್ ಫಂಡ್ ಮುಳುಗಿ ಎಷ್ಟು ಬಡವರ ಹಣ ಹೋಯಿತು! ಮತ್ತೆ ಅದೇ ಪ್ರಶ್ನೆ ಕೇಳುತ್ತೀರಲ್ಲ?

ಶಹಾಬಾದ್ ನಿವೃತ್ತ

ನಾನು ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿದವನು, ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ. ಸಮಯವಿದೆ, ಒಬ್ಬೊಬ್ಬರಿಗಾಗಿ ಹೇಳುತ್ತೇನೆ.

ಆಳಂದದವರೇ, ಶಾರದಾ ಚೀಟಿಯೇ ಅಲ್ಲ. ಪತ್ರಿಕೆಗಳು ಚಿಟ್ ಫಂಡ್ ಎಂದು ಬರೆದವು, ಹೆಸರು ಅಂಟಿಕೊಂಡಿತು. ಅಲ್ಲಿ ಹರಾಜು ಇರಲಿಲ್ಲ, ಪ್ರತಿ ತಿಂಗಳು ಒಬ್ಬ ಸದಸ್ಯ ಹಣ ಎತ್ತುವ ಪದ್ಧತಿ ಇರಲಿಲ್ಲ. ಹೊಸಬರಿಂದ ತೆಗೆದುಕೊಂಡು ಹಳಬರಿಗೆ ಕೊಡುತ್ತಿದ್ದರು. ಚೀಟಿಗೆ 1982ರ ಕೇಂದ್ರ ಕಾಯ್ದೆಯೇ ಇದೆ.

ಗಂಜಿನ ಯಜಮಾನರೇ, ನಿಮ್ಮ ಎರಡು ರೂಪಾಯಿ ಲೆಕ್ಕ ತಪ್ಪು. ಟೀಚರ್ ಕೊಟ್ಟ ಪುಸ್ತಕವನ್ನೇ ಹಿಡಿದು ಹೇಳುತ್ತೇನೆ. ಬಿಟ್ಟ ಹಣದಲ್ಲಿ ಕಮಿಷನ್ 10,000 ಕಳೆದು ಉಳಿದದ್ದನ್ನು ಇಪ್ಪತ್ತು ಜನರಿಗೆ ಹಂಚುತ್ತಾರೆ. ಎರಡನೇ ತಿಂಗಳು 50,000 ಹಂಚಿಕೆಯಾಗುತ್ತದೆ, ತಲೆಗೆ 2,500. ಅಂದರೆ ಆ ತಿಂಗಳ ಕಂತು 7,500. ಅಲ್ಲಿಂದ ಕಂತು ಏರುತ್ತಾ ಕೊನೆಯ ತಿಂಗಳು ಮತ್ತೆ 10,000ಕ್ಕೆ ಬರುತ್ತದೆ. ಇಪ್ಪತ್ತೂ ಕಂತು ಕೂಡಿಸಿದರೆ ಪ್ರತಿಯೊಬ್ಬರೂ ಕಟ್ಟುವುದು 1,76,250 ರೂಪಾಯಿ.

ಈಗ ಹತ್ತನೇ ತಿಂಗಳು ಎತ್ತಿದವರನ್ನು ನೋಡಿ. 37,800 ಬಿಟ್ಟು 1,62,200 ತೆಗೆದುಕೊಂಡರು. ಆದರೆ ಅಷ್ಟರಲ್ಲಿ ಅವರೇ 82,500 ಕಟ್ಟಿದ್ದರು. ಅದು ಅವರದೇ ಹಣ. ಹೊರಗಿನಿಂದ ಬಂದದ್ದು 79,700 ಮಾತ್ರ. ಆ 79,700ಕ್ಕೆ ಮುಂದಿನ ಹತ್ತು ತಿಂಗಳಲ್ಲಿ ಕಟ್ಟಬೇಕಾದದ್ದು 93,750. ತಿಂಗಳು ತಿಂಗಳು ಅಸಲು ತೀರುತ್ತಾ ಹೋಗುತ್ತದೆ ಎಂಬುದನ್ನು ಹಿಡಿದು ಲೆಕ್ಕ ಹಾಕಿದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ವರ್ಷಕ್ಕೆ 36. ಅವರ ಸ್ವಂತ 82,500ಕ್ಕೆ ಒಂದು ಪೈಸೆ ಬಡ್ಡಿ ಸಿಕ್ಕಿಲ್ಲ ಎಂಬುದು ಬೇರೆ.

ಗಂಜ್ ವ್ಯಾಪಾರಿ

ನಾವು ಹತ್ತನೇ ತಿಂಗಳು ಎತ್ತುವುದಿಲ್ಲ ಸರ್. ಎರಡನೇ ತಿಂಗಳಿಗೇ ಎತ್ತುತ್ತೇವೆ.

ಶಹಾಬಾದ್ ನಿವೃತ್ತ

ಆಗ ಎರಡೂಮುಕ್ಕಾಲು ರೂಪಾಯಿ. ನಿಮಗೆ ಅದು ಹೊರೆಯಲ್ಲ, ಒಂದು ಹಂಗಾಮಿನಲ್ಲಿ ಹಣವನ್ನು ಮೂರು ಸಲ ತಿರುಗಿಸುತ್ತೀರಿ. ಟೀಚರ್ ಆ ಹಣವನ್ನು ಕಾಲೇಜಿಗೆ ಕಟ್ಟುತ್ತಾರೆ. ಕಾಲೇಜು ಅದನ್ನು ತಿರುಗಿಸಿ ಕೊಡುವುದಿಲ್ಲ.

ಗಂಜ್ ವ್ಯಾಪಾರಿ

ಅದನ್ನು ಒಪ್ಪಿದೆ.

ಸೇಡಂ ರಸ್ತೆ ಟೀಚರ್

ಸರ್, ನಮಗೆ ಮಧ್ಯದಲ್ಲಿ ಎತ್ತುವ ಅಗತ್ಯವಿಲ್ಲ. ಕೊನೆಯವರೆಗೆ ಕಾದು 1,90,000 ತೆಗೆದುಕೊಂಡರೆ? 1,76,250 ಕಟ್ಟಿ 1,90,000 ಎಂದರೆ 13,750 ಲಾಭ. ಶೇಕಡಾ 8ರ ಹತ್ತಿರ ಬಂತಲ್ಲವೇ?

ಶಹಾಬಾದ್ ನಿವೃತ್ತ

ನಿಮ್ಮ ಲೆಕ್ಕ ನಿಮಗೇ ಅನ್ಯಾಯ ಮಾಡಿದೆ. ಶೇಕಡಾ 8 ಇಡೀ ಮೊತ್ತಕ್ಕೆ. ಆದರೆ ಇಡೀ ಮೊತ್ತ ಇಪ್ಪತ್ತು ತಿಂಗಳೂ ಚೀಟಿಯಲ್ಲಿ ಇರಲಿಲ್ಲ, ಸರಾಸರಿ ಒಂಬತ್ತು ತಿಂಗಳು ಇತ್ತು. ವರ್ಷದ ಬಡ್ಡಿಗೆ ತಂದರೆ ಶೇಕಡಾ 9.8ರ ಆಸುಪಾಸು ಬರುತ್ತದೆ. ಆರ್‌ಡಿಗಿಂತ ಹೆಚ್ಚೇ.

ರೂಪಾಯಿಯಲ್ಲಿ ನೋಡೋಣ. ಅದೇ ಕಂತುಗಳನ್ನು ಶೇಕಡಾ 6.5 ಕೊಡುವ ಬ್ಯಾಂಕಿನಲ್ಲಿ ಅದೇ ಇಪ್ಪತ್ತು ತಿಂಗಳು ಹಾಕಿದ್ದರೆ ಒಂಬತ್ತೂವರೆ ಸಾವಿರದ ಮೇಲೆ ಸ್ವಲ್ಪ ಬಡ್ಡಿ ಬರುತ್ತಿತ್ತು. ಚೀಟಿಯಲ್ಲಿ 13,750. ವ್ಯತ್ಯಾಸ ನಾಲ್ಕು ಸಾವಿರ ರೂಪಾಯಿ. ಎರಡು ಲಕ್ಷವನ್ನು ಪಣಕ್ಕಿಟ್ಟು ನಾಲ್ಕು ಸಾವಿರ.

ಇನ್ನೊಂದು ವಿಷಯ. ಆ 9.8 ನಿಮ್ಮ ಕೈಯಲ್ಲಿಲ್ಲ. ಉಳಿದ ಹತ್ತೊಂಬತ್ತು ಜನರಿಗೆ ಹಣದ ಅವಸರ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಈ ಸಲ ಕೂಗು 60,000ದ ಬದಲು 40,000ದಿಂದ ಶುರುವಾಗಿ ಹಾಗೆಯೇ ಇಳಿದರೆ ನೀವು ಕಟ್ಟುವುದು 1,85,750, ಸಿಗುವುದು ಅದೇ 1,90,000. ಲಾಭ 4,250. ವರ್ಷಕ್ಕೆ ಶೇಕಡಾ 3 ಕೂಡ ಇಲ್ಲ. ಉಳಿತಾಯ ಖಾತೆಯಲ್ಲಿಟ್ಟು ಮಲಗಿದಷ್ಟೇ. ಕಮಿಷನ್ ಮಾತ್ರ ಎರಡೂ ಸಲ ಒಂದೇ.

ಜೇವರ್ಗಿ ಕಾಲೋನಿ

ಈ ಲೆಕ್ಕವೆಲ್ಲ ಚೀಟಿ ಕೊನೆಯವರೆಗೆ ನಡೆದರೆ. ನನ್ನ ಅನುಭವ ಹೇಳುತ್ತೇನೆ. ನಾವು ಹೆಂಗಸರೇ ಸೇರಿ ಒಬ್ಬರ ಮನೆಯಲ್ಲಿ ಚೀಟಿ ಹಾಕಿದ್ದೆವು. ಅವರ ಮನೆಯ ಹಾಲುಕ್ಕಿಸುವ ಕಾರ್ಯಕ್ಕೆ ಹೋಳಿಗೆ ತಟ್ಟಿದವರು ನಾವೇ. ಹದಿನಾಲ್ಕು ತಿಂಗಳು ಗಡಿಯಾರದಂತೆ ನಡೆಯಿತು. ಹದಿನೈದನೇ ತಿಂಗಳು ಇಬ್ಬರು ಕಂತು ಕೊಡಲಿಲ್ಲ, ಅವರು ಆಗಲೇ ಎತ್ತಿದ್ದವರು. ನಡೆಸುವವರು ಕೈಯಿಂದ ಹಾಕಿ ತುಂಬಿಸಿದರು. ಹದಿನಾರಕ್ಕೆ ಐವರು ಕೊಡಲಿಲ್ಲ. ಹದಿನೇಳನೇ ತಿಂಗಳು ನಾವು ಹೋದಾಗ ಬಾಗಿಲಿಗೆ ಬೀಗ.

ಹಣ ಹೋದದ್ದು ಯಾರದು ಗೊತ್ತೇ? ಎತ್ತದೆ ಕಾದವರದು. ಮೊದಲೇ ಎತ್ತಿದವರು ಆರಾಮವಾಗಿದ್ದಾರೆ, ಈಗಲೂ ಸಂತೆಯಲ್ಲಿ ಸಿಕ್ಕರೆ ಊಟವಾಯಿತೇ ಎನ್ನುತ್ತಾರೆ.

ಯಾದಗಿರಿ ಎಕ್ಸ್‌ಪ್ರೆಸ್

ಪೊಲೀಸರಿಗೆ ಹೇಳಲಿಲ್ಲವೇ?

ಜೇವರ್ಗಿ ಕಾಲೋನಿ

ಹೇಳಿದೆವು. ರಸೀದಿ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಅವರು ಟಿಕ್ ಹಾಕಿಕೊಡುತ್ತಿದ್ದ ನೂರು ಪುಟದ ನೋಟ್‌ಬುಕ್, ಅದರಲ್ಲಿ ಯಾರ ಸಹಿಯೂ ಇರಲಿಲ್ಲ.

ಶಹಾಬಾದ್ ನಿವೃತ್ತ

ತಾಯಿ, ನೀವು ಹೇಳಿದ್ದೇ ನಾನು ಹೇಳಬೇಕೆಂದಿದ್ದ ಮಾತು. ಚೀಟಿಯಲ್ಲಿ ಮೊದಲು ಎತ್ತುವವರು ಸಾಲಗಾರರು, ಕೊನೆಗೆ ಎತ್ತುವವರು ಸಾಲ ಕೊಟ್ಟವರು. ಸಂಬಳದ ಮನೆಯವರಿಗೆ ಅವಸರವಿಲ್ಲ, ಅದಕ್ಕೇ ಕೊನೆಗೆ ಕೂರುತ್ತಾರೆ. ಟೀಚರ್ ಕೂಡ ತಿಳಿಯದೆಯೇ ಹತ್ತೊಂಬತ್ತು ಅಪರಿಚಿತರಿಗೆ ಸಾಲ ಕೊಡಲು ಹೊರಟಿದ್ದಾರೆ.

ನೋಂದಣಿಯಾದ ಚೀಟಿಯಲ್ಲಿ ಈ ಸಾಲಕ್ಕೆ ಬೆನ್ನೆಲುಬು ಇರುತ್ತದೆ. ಚೀಟಿ ಶುರುವಾಗುವ ಮೊದಲೇ ಪೂರ್ತಿ ಚೀಟಿ ಮೊತ್ತಕ್ಕೆ ಸಮನಾದ ಭದ್ರತೆಯನ್ನು ಫೋರ್‌ಮನ್, ಅಂದರೆ ಚೀಟಿ ನಡೆಸುವವರು, ಇಡಬೇಕು. ಎತ್ತಿದವರಿಂದ ಜಾಮೀನು ತೆಗೆದುಕೊಳ್ಳಬೇಕು. ಪ್ರತಿ ಹರಾಜಿನ ನಡಾವಳಿಯನ್ನು ನಿಬಂಧಕರಿಗೆ ಸಲ್ಲಿಸಬೇಕು. ತಕರಾರು ಬಂದರೆ ಸಿವಿಲ್ ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ, ಚೀಟಿ ನಿಬಂಧಕರ ಮುಂದೆಯೇ ಇತ್ಯರ್ಥವಾಗುತ್ತದೆ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಹಾಗೆಂದು ನೋಂದಣಿ ಇದ್ದ ಮಾತ್ರಕ್ಕೆ ಬ್ಯಾಂಕ್ ಠೇವಣಿಯಂತಾಗುವುದಿಲ್ಲ. ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆ ಇದೆ, ಚೀಟಿಗೆ ಅದಿಲ್ಲ.

ಟೀಚರ್, ನಿಮ್ಮ ಓಣಿಯವರನ್ನು ಎರಡೇ ವಸ್ತು ಕೇಳಿ: ಈ ಚೀಟಿಗೆ ಸಿಕ್ಕಿರುವ ನೋಂದಣಿ ಸಂಖ್ಯೆ, ಮತ್ತು ಸಹಿಯಾದ ಚೀಟಿ ಒಪ್ಪಂದದ ಪ್ರತಿ. ಸಂಖ್ಯೆ ಕೊಟ್ಟರೆ ಸಹಕಾರ ಇಲಾಖೆಯಲ್ಲಿ ಚೀಟಿಗಳ ಉಪನಿಬಂಧಕರ ಕಚೇರಿಗೆ ಹೋಗಿ ತಾಳೆ ನೋಡಿ. ಕೊಡದಿದ್ದರೆ ಉತ್ತರ ಸಿಕ್ಕಂತೆಯೇ.

ಗಂಜ್ ವ್ಯಾಪಾರಿ

ನಮ್ಮ ಗಂಜಿನ ಚೀಟಿಗಳು ಬಾಯಿಮಾತಿನಲ್ಲಿ ನಡೆಯುತ್ತವೆ. ಮೂವತ್ತು ವರ್ಷದಲ್ಲಿ ಒಂದೂ ಮುಳುಗಿಲ್ಲ. ಕಾಗದಕ್ಕಿಂತ ಮುಖ ದೊಡ್ಡದು.

ಜೇವರ್ಗಿ ಕಾಲೋನಿ

ಹದಿನಾಲ್ಕನೇ ತಿಂಗಳವರೆಗೆ ನಾವೂ ಹಾಗೆಯೇ ಹೇಳುತ್ತಿದ್ದೆವು ಅಣ್ಣಾ.

ಬೀದರ್ ಕೋಟೆ

ಇಷ್ಟೆಲ್ಲ ತಲೆನೋವು ಯಾಕೆ? ಎಸ್‌ಐಪಿಯಲ್ಲಿ ಓಡಿಹೋಗುವ ಫೋರ್‌ಮನ್ ಇಲ್ಲ, ಮೇಲೆ ಸೆಬಿ ಇದೆ, ಬೇಡವೆಂದ ದಿನ ಮಾರಿದರೆ ಕೆಲವೇ ದಿನದಲ್ಲಿ ಹಣ ಖಾತೆಗೆ. ನನ್ನ ಆರು ವರ್ಷದ ಲೆಕ್ಕ ನೋಡಿ ಎಂದು ಮತ್ತೆ ಹೇಳುತ್ತೇನೆ.

ಶಹಾಬಾದ್ ನಿವೃತ್ತ

ತಮ್ಮಾ, ನೀನು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ನೀನು ಆರು ವರ್ಷದ ಉತ್ತರವನ್ನು ಇಪ್ಪತ್ತು ತಿಂಗಳ ಪ್ರಶ್ನೆಗೆ ಕೊಡುತ್ತಿದ್ದೀಯ.

2018ರ ಆಗಸ್ಟಿನಿಂದ 2020ರ ಮಾರ್ಚ್‌ವರೆಗೆ ಒಬ್ಬರು ತಿಂಗಳಿಗೆ 10,000ದಂತೆ ನಿಫ್ಟಿ ನಿಧಿಯಲ್ಲಿ ಹಾಕಿದರು ಎಂದುಕೋ. ಸರಿಯಾಗಿ ಇಪ್ಪತ್ತು ತಿಂಗಳು, ಎರಡು ಲಕ್ಷ. ಆ ಅವಧಿಯಲ್ಲಿ ಸೂಚ್ಯಂಕ ಹೆಚ್ಚುಕಡಿಮೆ 11,000, 12,000ದ ನಡುವೆ ಓಡಾಡುತ್ತಿತ್ತು. 2020ರ ಮಾರ್ಚ್ 23ರಂದು 7,610ಕ್ಕೆ ಬಿತ್ತು. ಅಂದು ಹಣ ಬೇಕಾಗಿದ್ದರೆ ಕೈಗೆ ಸಿಗುತ್ತಿದ್ದದ್ದು 1.35 ಲಕ್ಷದ ಆಸುಪಾಸು. ಓಡಿಹೋದವರು ಯಾರೂ ಇಲ್ಲ, ಮೋಸ ಮಾಡಿದವರು ಯಾರೂ ಇಲ್ಲ, ಆದರೂ 65,000 ಇಲ್ಲ.

ಬೀದರ್ ಕೋಟೆ

ಬೇಕೆಂದೇ ಅತಿ ಕೆಟ್ಟ ದಿನ ಆರಿಸಿದ್ದೀರಿ ಸರ್. ಶುಲ್ಕ ಮಾರ್ಚ್‌ನಲ್ಲಿ ಯಾರು ಕಟ್ಟುತ್ತಾರೆ? ಆ ವರ್ಷ ಸಿಇಟಿ ನಡೆದದ್ದೇ ಜುಲೈ ಕೊನೆಗೆ. ಅಷ್ಟು ಹೊತ್ತಿಗೆ ನಿಫ್ಟಿ 11,000ಕ್ಕೆ ವಾಪಸ್ ಬಂದಿತ್ತು. ನವೆಂಬರ್‌ನಲ್ಲಿ ಹಳೆಯ ಎತ್ತರವನ್ನೇ ದಾಟಿತು.

ಶಹಾಬಾದ್ ನಿವೃತ್ತ

ಒಳ್ಳೆಯ ಏಟು, ಒಪ್ಪಿಕೊಂಡೆ. ಆದರೆ ಅದು ಆ ವರ್ಷದ ಅದೃಷ್ಟ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಹೋಯಿತು. ಮತ್ತೆ 21,000 ಕಾಣಲು 2010ರ ನವೆಂಬರ್‌ವರೆಗೆ ಕಾಯಬೇಕಾಯಿತು. ಆಗ ನನ್ನ ಕೌಂಟರಿನ ಮುಂದೆ ನಿಂತು ಅತ್ತವರನ್ನು ನೋಡಿದ್ದೇನೆ. ಕಾಲೇಜಿನವರು ಎರಡು ವರ್ಷ ಕಾಯುತ್ತಾರೆಯೇ? ಎಷ್ಟು ಬರುತ್ತದೆ ಎಂಬುದಕ್ಕಿಂತ ಯಾವ ದಿನ ಬೇಕು ಎಂಬುದು ಇಲ್ಲಿ ಮೊದಲ ಪ್ರಶ್ನೆ.

ಬೀದರ್ ಕೋಟೆ

ಹಾಗಾದರೆ ಬಿಗಿ ಹಿಡಿದು ಉಳಿಸುವ ಆ 5,000ವನ್ನಾದರೂ ಎಸ್‌ಐಪಿಗೆ ಬಿಡಿ. ಅದಕ್ಕೆ ದಿನಾಂಕ ಇಲ್ಲವಲ್ಲ.

ಶಹಾಬಾದ್ ನಿವೃತ್ತ

ಅದಕ್ಕೆ ನನ್ನ ಅಡ್ಡಿಯಿಲ್ಲ, ಹನ್ನೆರಡು, ಹದಿನೈದು ವರ್ಷ ಮುಟ್ಟದಿರುವ ಹಣವಾದರೆ. ಆದರೆ ಬಿದ್ದಾಗ ನಿಲ್ಲಿಸುವವರಾದರೆ ಶುರು ಮಾಡುವುದೇ ಬೇಡ. 2020ರ ಮಾರ್ಚ್‌ನಲ್ಲಿ ನಮ್ಮ ಅಳಿಯ ಹೆದರಿ ಎಲ್ಲವನ್ನೂ ಮಾರಿ ಆರ್‌ಡಿ ಮಾಡಿದ. ಎರಡೂ ಕಡೆಯ ಕೆಟ್ಟದ್ದನ್ನು ಮಾತ್ರ ಆರಿಸಿಕೊಂಡ ಬುದ್ಧಿವಂತ.

ಆಳಂದ ನಾಕಾ

ಆರ್‌ಡಿಯೇ ಸರಿ ಎಂದಾದರೆ ಅಂಚೆ ಕಚೇರಿಯಲ್ಲಿ ಮಾಡಿ ಮೇಡಂ. ಶೇಕಡಾ 6.7 ಕೊಡುತ್ತಾರೆ, ಸರ್ಕಾರದ್ದು, ಬಡ್ಡಿಗೆ ತೆರಿಗೆಯೂ ಇಲ್ಲ.

ಶಹಾಬಾದ್ ನಿವೃತ್ತ

ದರ ಸರಿ. ತೆರಿಗೆ ಇಲ್ಲ ಎನ್ನುವುದು ತಪ್ಪು, ಆರ್‌ಡಿ ಬಡ್ಡಿ ಎಲ್ಲಿಯದಾದರೂ ಆದಾಯಕ್ಕೆ ಸೇರುತ್ತದೆ. ಟೀಚರ್ ದಂಪತಿಯ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬೀಳದಿರಬಹುದು, ಅದು ಬೇರೆ ಮಾತು.

ದೊಡ್ಡ ತೊಡಕು ಅವಧಿಯದು. ಅಂಚೆ ಆರ್‌ಡಿ ಐದು ವರ್ಷದ್ದು. ಮೂರು ವರ್ಷಕ್ಕೆ ಮೊದಲು ಮುಚ್ಚಲು ಬಿಡುವುದಿಲ್ಲ, ಆಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಶೇಕಡಾ 4 ಮಾತ್ರ. ಒಂದು ವರ್ಷ ಕಟ್ಟಿದ ಮೇಲೆ ಅರ್ಧದಷ್ಟು ಸಾಲ ಸಿಗುತ್ತದೆ, ಆದರೆ ಶುಲ್ಕಕ್ಕೆ ಅರ್ಧ ಸಾಲದು. ಇವರಿಗೆ ಬೇಕಾದದ್ದು ಬ್ಯಾಂಕಿನ ಆರ್‌ಡಿ, 20 ಅಥವಾ 21 ತಿಂಗಳಿಗೆ. ಅವಧಿಯನ್ನು ಹೇಳಿಯೇ ಮಾಡಿಸಬೇಕು, ಇಲ್ಲದಿದ್ದರೆ ಕೌಂಟರಿನವರು ಎರಡು ವರ್ಷ ಎಂದು ಹಾಕಿಬಿಡುತ್ತಾರೆ. ನಾನೇ ಹಾಕುತ್ತಿದ್ದೆ.

ಯಾದಗಿರಿ ಎಕ್ಸ್‌ಪ್ರೆಸ್

ವಿಷಯಾಂತರಕ್ಕೆ ಕ್ಷಮಿಸಿ. ಅಕ್ಕಾ, ಮಗಳಿಗೆ ಕಲ್ಯಾಣ ಕರ್ನಾಟಕ ಮೀಸಲಾತಿಯ 371ಜೆ ಅರ್ಹತಾ ಪ್ರಮಾಣಪತ್ರ ಮಾಡಿಸಿದ್ದೀರಾ? ಸಿಇಟಿ ಅರ್ಜಿಯ ಹೊತ್ತಿಗೆ ಸಹಾಯಕ ಆಯುಕ್ತರ ಕಚೇರಿಯಲ್ಲಿ ಜಾತ್ರೆಯಂತೆ ಜನ ಇರುತ್ತಾರೆ. ಸರ್ಕಾರಿ ಸೀಟು ಸಿಕ್ಕರೆ ನಿಮ್ಮ ಎರಡು ಲಕ್ಷದ ಲೆಕ್ಕವೇ ಬದಲಾಗುತ್ತದೆ.

ಸೇಡಂ ರಸ್ತೆ ಟೀಚರ್

ಇನ್ನೂ ಮಾಡಿಸಿಲ್ಲ! ನೆನಪಿಸಿದ್ದಕ್ಕೆ ಪುಣ್ಯ ಬರಲಿ ತಮ್ಮಾ.

ಹುಮನಾಬಾದ್ ಗುಮಾಸ್ತ

ತಡವಾಗಿ ಬಂದೆ. ಎಲ್ಲರೂ ಚೀಟಿ ಹಾಕುವವರ ಬಗ್ಗೆ ಮಾತನಾಡಿದ್ದೀರಿ, ಚೀಟಿಯೇ ಹಾಕದೆ ಹಣ ಕಳೆದುಕೊಂಡವನು ನಾನು. ನೋಂದಣಿಯಾದ ಕಂಪನಿಯ ಚೀಟಿ. ನಮ್ಮ ಕಚೇರಿಯ ಗೆಳೆಯ ಐದು ಲಕ್ಷದ ಚೀಟಿಯನ್ನು ಐದನೇ ತಿಂಗಳಿಗೆ ಎತ್ತಿದ. ಎತ್ತಿದವರಿಗೆ ಹಣ ಕೊಡುವ ಮೊದಲು ಜಾಮೀನು ಕೇಳುತ್ತಾರೆ, ಅದರಲ್ಲೂ ಸರ್ಕಾರಿ ನೌಕರರ ಸಂಬಳ ಪ್ರಮಾಣಪತ್ರ ಎಂದರೆ ಅವರಿಗೆ ಬಲು ಪ್ರೀತಿ. ಚಹಾ ಕುಡಿಯುತ್ತಾ ಸಹಿ ಹಾಕಿದೆ. ಗೆಳೆಯ ಒಂದು ವರ್ಷ ಕಟ್ಟಿ ಬಿಟ್ಟ. ನೋಟಿಸ್ ನನಗೆ ಬಂತು, ಆದೇಶ ಬಂತು, ಕೊನೆಗೆ ನನ್ನ ಸಂಬಳದಲ್ಲಿ ಕಡಿತ ಶುರುವಾಯಿತು. ಇನ್ನೂ ನಡೆಯುತ್ತಿದೆ.

ಗಂಜ್ ವ್ಯಾಪಾರಿ

ಗೆಳೆಯ ಏನು ಹೇಳುತ್ತಾನೆ?

ಹುಮನಾಬಾದ್ ಗುಮಾಸ್ತ

ಮುಂದಿನ ತಿಂಗಳು ಕೊಡುತ್ತೇನೆ ಎನ್ನುತ್ತಾನೆ. ಮೂರು ವರ್ಷದಿಂದ.

ಸೇಡಂ ರಸ್ತೆ ಟೀಚರ್

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಓಣಿಯವರನ್ನು ನೋಂದಣಿ ಸಂಖ್ಯೆ ಕೇಳಿದೆ. ಮನೆಮಂದಿಯ ಚೀಟಿಗೆ ನೋಂದಣಿ ಯಾಕಮ್ಮಾ, ನಂಬಿಕೆ ಇಲ್ಲವೇ ಎಂದರು. ಅತ್ತೆಗೆ ಸಿಟ್ಟು ಬಂದಿದೆ, ಹನ್ನೆರಡು ವರ್ಷದ ಮನುಷ್ಯನನ್ನು ಕಳ್ಳನಂತೆ ಪ್ರಶ್ನಿಸಿದಳು ಎಂದು ಓಣಿಯೆಲ್ಲ ಹೇಳಿದ್ದಾರೆ. ಅವರು ಕಳ್ಳರಲ್ಲ, ಅದು ನನಗೂ ಗೊತ್ತು. ಉಳಿದ ಹದಿನೆಂಟು ಜನರಲ್ಲಿ ಹನ್ನೊಂದು ಜನ ಯಾರೆಂದು ಮಾತ್ರ ಗೊತ್ತಿಲ್ಲ. ಬ್ಯಾಂಕಿನಲ್ಲಿ 21 ತಿಂಗಳಿಗೆ 10,000ದ ಆರ್‌ಡಿ ಮಾಡಿಸಿದೆ. ಎಸ್‌ಐಪಿ ವಿಷಯ ಮೈದುನ ದೀಪಾವಳಿಗೆ ಬಂದಾಗ ನೋಡೋಣ ಎಂದಿದ್ದೇವೆ.

ಆದರೆ ಹುಮನಾಬಾದ್‌ನವರ ಬರಹವನ್ನು ಯಜಮಾನರಿಗೆ ಓದಿ ಹೇಳಿದಾಗ ಅವರು ಮಾತನಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೇಳಿದರು: ಹೋದ ವರ್ಷ ಅವರ ಶಾಲೆಯ ಒಬ್ಬ ಶಿಕ್ಷಕರ ಮೂರು ಲಕ್ಷದ ಚೀಟಿಗೆ ಜಾಮೀನು ಹಾಕಿದ್ದಾರಂತೆ. ಈಗ ಏನು ಮಾಡಬೇಕು?

ಹುಮನಾಬಾದ್ ಗುಮಾಸ್ತ

ಅಕ್ಕಾ, ಹೆದರಬೇಡಿ, ಆದರೆ ಕಾಯಲೂ ಬೇಡಿ. ನಾಳೆಯೇ ಯಜಮಾನರು ಆ ಕಂಪನಿಯ ಶಾಖೆಗೆ ಹೋಗಿ, ಅವರ ಕಂತು ಯಾವ ತಿಂಗಳವರೆಗೆ ಬಂದಿದೆ, ಇನ್ನೆಷ್ಟು ಬಾಕಿ ಇದೆ ಎಂದು ಬರಹದಲ್ಲಿ ಕೇಳಲಿ. ಗೆಳೆಯನನ್ನು ಕೇಳುವುದು ಆಮೇಲೆ. ನಾನು ಮೊದಲು ಗೆಳೆಯನನ್ನು ಕೇಳಿದೆ.